ಲಟ್ಟಣಿಗೆ ಮೇಷ್ಟ್ರ ವಿಸರ್ಗ

ನಮ್ಮ ಹುಡುಗಿಯರ ಪ್ರೌಢಶಾಲೆಯ ಸಂಸ್ಕೃತ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ಲಟ್ಟಣಿಗೆ. ಮನುಷ್ಯ ಉದ್ದಕ್ಕೆ, ಎರಡು ತುದಿಯಲ್ಲೂ ಸಪೂರವಾಗಿ, ನಡುವೆ ಸ್ವಲ್ಪ ಗುಂಡಗೆ ಇದ್ದದ್ದು ನಿಜ. ಆದರೆ ಹೆಸರು ಹುಟ್ಟಿದ್ದು ಮೈಕಟ್ಟಿನಿಂದಲ್ಲ. ಸಂಸ್ಕೃತದಲ್ಲಿ ವರ್ತಮಾನಕಾಲದ ಕ್ರಿಯಾರೂಪಗಳಿಗೆ ಲಟ್ ಲಕಾರ ಎನ್ನುತ್ತಾರೆ. ಜೂನ್ ತಿಂಗಳಲ್ಲಿ ಲಟ್ ಹಿಡಿದು ತರಗತಿಗೆ ಬಂದ ಮೇಷ್ಟ್ರು ವರ್ಷ ಮುಗಿಯುವವರೆಗೂ ಅದನ್ನು ಕೈಯಿಂದ ಕೆಳಗಿಡುತ್ತಿರಲಿಲ್ಲ. ಬೇರೆ ಲಕಾರಗಳನ್ನು ಪಠ್ಯಪುಸ್ತಕದ ಒತ್ತಾಯಕ್ಕೆ ಪಾಠ ಮಾಡಿ, ಮತ್ತೆ ಲಟ್ಟಿಗೇ ಬಂದು ಮಕ್ಕಳನ್ನು ತೆಳ್ಳಗೆ ಲಟ್ಟಿಸುತ್ತಿದ್ದರು.

ಅವರ ಪಾಠದ ರೀತಿ ಒಂದೇ. ಕರಿಹಲಗೆಯ ಮೇಲೆ ಅಡ್ಡ ಮೂರು, ಉದ್ದ ಮೂರು ಮನೆ ಗೀರುವುದು. ಅಡ್ಡ ಸಾಲು ಪುರುಷಕ್ಕೆ, ಉದ್ದ ಸಾಲು ವಚನಕ್ಕೆ. 'ವಸ್' ಎಂದರೆ ವಾಸಿಸು. ಅವನು ವಾಸಿಸುತ್ತಾನೆ, ಅವರಿಬ್ಬರು ವಾಸಿಸುತ್ತಾರೆ, ಅವರೆಲ್ಲ ವಾಸಿಸುತ್ತಾರೆ: ವಸತಿ, ವಸತಃ, ವಸಂತಿ. ಇದು ಪ್ರಥಮ ಪುರುಷ. ನೀನು, ನೀವಿಬ್ಬರು, ನೀವೆಲ್ಲ: ವಸಸಿ, ವಸಥಃ, ವಸಥ. ಇದು ಮಧ್ಯಮ. ನಾನು, ನಾವಿಬ್ಬರು, ನಾವೆಲ್ಲ: ವಸಾಮಿ, ವಸಾವಃ, ವಸಾಮಃ. ಇದು ಉತ್ತಮ. ಆಮೇಲೆ ಹಲಗೆ ಒರೆಸಿ, ಒಂದು ರೂಪವನ್ನು ಗಾಳಿಯಲ್ಲಿ ಎಸೆಯುವುದು, ಯಾರ ಮೇಲೆ ಬೀಳುತ್ತದೋ ಅವಳು ಎದ್ದು ನಿಂತು ಪುರುಷ, ವಚನ ಹೇಳುವುದು.

ಇಂಗ್ಲಿಷ್ ತರಗತಿಯಲ್ಲಿ 'ನಾನು' ಎನ್ನುವುದು ಫಸ್ಟ್ ಪರ್ಸನ್. ಹುಡುಗಿಯರು ಅದನ್ನೇ ಹೊತ್ತುಕೊಂಡು ಬಂದು ವಸಾಮಿಗೆ "ಪ್ರಥಮ ಪುರುಷ ಸರ್" ಎನ್ನುತ್ತಿದ್ದರು. ಮೇಷ್ಟ್ರು ಹಣೆ ಒತ್ತಿಕೊಳ್ಳುತ್ತಿದ್ದರು.

"ಅಲ್ಲಮ್ಮಾ, ಪ್ರಥಮ ಅಂದ್ರೆ ಇಲ್ಲಿ ಇಲ್ದೇ ಇರೋನು. ನೀನು ಮಧ್ಯಮ. ನಾನು ಉತ್ತಮ."

"ಯಾವಾಗ್ಲೂ ನೀವೇ ಉತ್ತಮನಾ ಸರ್?"

"ನೀನು ಹೇಳ್ವಾಗ ನೀನೇ ಉತ್ತಮ. ಯಾರು ಬಾಯಿ ತೆಗೀತಾರೋ ಅವ್ರು ಉತ್ತಮ. ಅದಕ್ಕೇ ಪ್ರಪಂಚದಲ್ಲಿ ಇಷ್ಟು ಮಾತು."

ಈ ಚಟ ಶಾಲೆಯ ಗೇಟಿನ ಒಳಗೇ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರು "ಎಲ್ಲಿಗೆ ಹೋಗ್ತೀರಿ?" ಎಂದರೆ ಮೇಷ್ಟ್ರು "ಮಧ್ಯಮ ಪುರುಷ, ಬಹುವಚನ. ಆದರೆ ನಾನೊಬ್ಬನೇ ಇದ್ದೀನಲ್ಲ" ಎನ್ನುತ್ತಿದ್ದರು. ಕಂಡಕ್ಟರು ಅವರ ಹಿಂದೆ ಮುಂದೆ ನೋಡಿ, "ಹಾಗಾದ್ರೆ ಒಂದೇ ಟಿಕೆಟ್ ತಗೊಳ್ಳಿ" ಎಂದು ಹರಿದು ಕೊಡುತ್ತಿದ್ದ.

ವಯಸ್ಸು ಐವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಗಂಡ ಸತ್ತ ಅಕ್ಕ ಮನೆ ನೋಡಿಕೊಳ್ಳುತ್ತಿದ್ದಳು. ಆಕೆ ತಮ್ಮನನ್ನು ಪುಟ್ಟ ಎಂದು ಕರೆಯುತ್ತಿದ್ದಳು. ಆ ಪುಟ್ಟನಿಗೆ ಸ್ಟವ್ ಹಚ್ಚಲು ಬರುತ್ತಿರಲಿಲ್ಲ, ಅಂಗಿಯ ಗುಂಡಿ ಹಾಕಲು ಕನ್ನಡಿ ಬೇಕಾಗುತ್ತಿತ್ತು. ಆ ವರ್ಷ ಅಕ್ಕನ ಮಗಳು ಬಸುರಿಯಾದಳು. ಅಕ್ಕ ಒಂದು ಸಂಜೆ ಬಟ್ಟೆ ಮಡಿಸುತ್ತ ವಿಷಯವನ್ನು ಮುಂದಿಟ್ಟಳು.

"ಪುಟ್ಟಾ, ಪರೀಕ್ಷೆ ಮುಗಿದ ಮೇಲೆ ನಾನು ಮಗಳ ಮನೆಗೆ ಹೋಗ್ತೀನಿ ಕಣೋ. ಮತ್ತೆ ಬರಲ್ಲ."

"ಹೋಗ್ತೀನಿ, ಬರಲ್ಲ. ಎರಡೂ ಉತ್ತಮ ಪುರುಷ, ಏಕವಚನ."

"ಹೌದು. ನಾನು ಹೋದ ಮೇಲೆ ಈ ಮನೇಲಿ ಉಳಿಯೋದೂ ಏಕವಚನವೇ. ನೀರು ಕಾಯ್ಸೋಕೆ ಬರಲ್ಲ ನಿನಗೆ. ಧಾತುರೂಪ ಬೇಯಿಸ್ಕೊಂಡು ತಿಂತೀಯಾ? ಯಾರನ್ನಾದ್ರೂ ಕಟ್ಕೊಳ್ಳೋ, ಮಾರಾಯಾ. ಇಲ್ಲಾಂದ್ರೆ ನಾನು ಅಲ್ಲಿ ಹೋಗಿಯೂ ಇಲ್ಲೇ ಇರ್ತೀನಿ, ಗೊತ್ತಾಯ್ತಾ?"

ಮೇಷ್ಟ್ರು ಉತ್ತರ ಕೊಡಲಿಲ್ಲ. ಉತ್ತರ ಇರಲಿಲ್ಲವೆಂದಲ್ಲ. ಉತ್ತರ ನಮ್ಮ ಶಾಲೆಯ ಕಚೇರಿಯಲ್ಲಿ, ಕಿಟಕಿಯ ಪಕ್ಕ, ಕಂಪ್ಯೂಟರಿನ ಮುಂದೆ ಕೂತಿತ್ತು, ಮತ್ತು ಅದು ಮೇಷ್ಟ್ರ ಜೊತೆ ಮಾತು ಬಿಟ್ಟಿತ್ತು.

ಆಕೆ ನಮ್ಮ ಟೈಪಿಸ್ಟ್. ನಲವತ್ತು ದಾಟಿದ ಹೆಂಗಸು. ತಂದೆತಾಯಿಯ ಕಾಯಿಲೆ ನೋಡಿಕೊಳ್ಳುವುದರಲ್ಲಿ ಮದುವೆಗೆ ಪುರುಸೊತ್ತು ಸಿಗಲಿಲ್ಲ ಎಂದು ತಾನೇ ಹೇಳಿಕೊಳ್ಳುತ್ತಿದ್ದಳು, ಬಸ್ಸು ತಪ್ಪಿತು ಎನ್ನುವ ಧಾಟಿಯಲ್ಲಿ. ಕಾಲೇಜಿನಲ್ಲಿ ಸಂಸ್ಕೃತ ಓದಿದ್ದರಿಂದ ಮೇಷ್ಟ್ರ ಪ್ರಶ್ನೆಪತ್ರಿಕೆಗಳು ಅವಳ ಕೈಗೇ ಹೋಗುತ್ತಿದ್ದವು. ಕೆಲಸ ಚೊಕ್ಕ. ದೀರ್ಘ, ಒತ್ತು, ವಿಸರ್ಗ ಯಾವುದೂ ಅತ್ತಿತ್ತ ಆಗುತ್ತಿರಲಿಲ್ಲ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ.

ಜಗಳ ಆದದ್ದು ಹೀಗೆ. ಒಂದು ಬೆಳಿಗ್ಗೆ ಮೇಷ್ಟ್ರು ಕಚೇರಿಗೆ ಹೋಗಿ, ಸಂತೋಷದ ಭರದಲ್ಲಿ, "ನೀನು ಎಷ್ಟು ಚೆನ್ನಾಗಿ ಟೈಪ್ ಮಾಡ್ತೀಯಾ!" ಎಂದರು. ಟೈಪಿಸ್ಟ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು.

"ಏಕವಚನದಲ್ಲಿ ಮಾತಾಡಬೇಡಿ!"

ಇಬ್ಬರೂ ನನ್ನ ಕೋಣೆಗೆ ಬಂದರು. ನಾನು ಆಗ ಆ ಶಾಲೆಯ ಮುಖ್ಯೋಪಾಧ್ಯಾಯಿನಿ. ಒಡೆದ ಕಿಟಕಿ, ಬಾರದ ನೀರು, ನೌಕರರ ಮುನಿಸು ಎಲ್ಲವೂ ನನ್ನ ಮೇಜಿಗೇ ಬರುತ್ತಿದ್ದವು. ಮೇಷ್ಟ್ರನ್ನು ಕೇಳಿದೆ: "ಏಕವಚನ ಉಪಯೋಗಿಸಿದ್ದು ನಿಜವೇ?"

"ನಿಜ ಮೇಡಂ. ಅವರು ಒಬ್ಬರೇ ಇದ್ದರು. ಇಬ್ಬರಿದ್ದಿದ್ದರೆ ದ್ವಿವಚನ ಉಪಯೋಗಿಸ್ತಿದ್ದೆ."

"ನೋಡಿ ಮೇಡಂ, ನೋಡಿ!" ಎಂದಳು ಟೈಪಿಸ್ಟ್. "ಮಾಡಿದ್ದೂ ಅಲ್ದೆ ವ್ಯಾಕರಣ ಬೇರೆ!"

ಕನ್ನಡದಲ್ಲಿ ಒಬ್ಬರಿಗೆ ಬಹುವಚನ ಹೇಳುವುದು ಮರ್ಯಾದೆ; ಸಂಸ್ಕೃತದಲ್ಲಿ ಮಧ್ಯಮ ಪುರುಷದ ಬದಲು 'ಭವತೀ' ಎಂದು ಪ್ರಥಮ ಪುರುಷಕ್ಕೆ ಏರಿಸುವುದು ಮರ್ಯಾದೆ. ಇದನ್ನು ನಾನೇ ಮೇಷ್ಟ್ರಿಗೆ ನೆನಪಿಸಿದೆ. ಆ ಬುದ್ಧಿವಾದದ ಫಲ ಕೆಟ್ಟದಾಗಿತ್ತು. ಅಂದಿನಿಂದ ಅವರು ಟೈಪಿಸ್ಟಳ ಎದುರು ನಿಂತು ಪ್ರಥಮ ಪುರುಷದಲ್ಲಿಯೇ ಮಾತಾಡತೊಡಗಿದರು, ಅಂದರೆ ಆಕೆ ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. ಆಕೆಯೂ ಅದೇ ನಾಣ್ಯದಲ್ಲಿ ತೀರಿಸಿದಳು. ನಡುವೆ ಕಬ್ಬಿಣದ ಬೀರು ಒಂದಿತ್ತು. ಇಬ್ಬರೂ ಅದಕ್ಕೆ ಹೇಳುತ್ತಿದ್ದರು.

"ಮೇಡಂ ಅವರು ಪ್ರಶ್ನೆಪತ್ರಿಕೆ ಮುಗಿಸಿದಾರೇನೋ."

"ಮೇಷ್ಟ್ರು ಅಕ್ಷರ ಸರಿಯಾಗಿ ಬರೆದಿದ್ರೆ ಯಾವಾಗ್ಲೋ ಮುಗೀತಿತ್ತು."

"ಮೇಡಂ ಅವರು ಕನ್ನಡಕ ಹಾಕ್ಕೊಂಡ್ರೆ ಒಳ್ಳೇದು."

"ಮೇಷ್ಟ್ರು ಈಗ ಹೊರಟ್ರೆ ಇನ್ನೂ ಒಳ್ಳೇದು."

ಬೀರು ಏನೂ ಹೇಳುತ್ತಿರಲಿಲ್ಲ. ಆ ಕೋಣೆಯಲ್ಲಿ ವಿವೇಕ ಇದ್ದದ್ದು ಅದಕ್ಕೊಂದಕ್ಕೇ.

ಹೀಗಿರುವಾಗ ಹತ್ತನೆಯ ತರಗತಿಯ ಕಿರುಪರೀಕ್ಷೆ ಬಂತು. ಮೇಷ್ಟ್ರು ಎಂದಿನಂತೆ ಕನ್ನಡ ಲಿಪಿಯಲ್ಲಿ ಪ್ರಶ್ನೆ ಬರೆದು, ಗುಂಡುಸೂಜಿ ಚುಚ್ಚಿ, ಬೀರುವಿನ ಮೇಲಿಟ್ಟು ಬಂದರು. 'ಕೆಳಗಿನ ಲಟ್ ಲಕಾರದ ರೂಪಗಳ ಪುರುಷ ಮತ್ತು ವಚನ ಬರೆಯಿರಿ: ಪಠತಿ, ಲಿಖಥಃ, ಹಸಂತಿ, ಖಾದಸಿ, ವಸಾವಃ.' ಪರೀಕ್ಷೆಯ ದಿನ ಅಚ್ಚಾದ ಹಾಳೆ ಹಂಚಿ, ತಾವೂ ಒಂದನ್ನು ಹಿಡಿದು ಓದಿದವರು ಅಲ್ಲೇ ಮರದ ಹಾಗೆ ನಿಂತರು. ಕೊನೆಯ ಪದಕ್ಕೆ ವಿಸರ್ಗ ಇರಲಿಲ್ಲ. ಎರಡು ಪುಟ್ಟ ಸೊನ್ನೆಗಳು ಮಾಯ. ವಸಾವಃ ಇರಬೇಕಾದಲ್ಲಿ ವಸಾವ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ಸರ್, ಲಾಸ್ಟಿನದು ಲಟ್ ಅಲ್ಲ. ಲೋಟ್ ಸರ್. ವಸಾನಿ, ವಸಾವ, ವಸಾಮ."

"ಹೌದು" ಎಂದರು ಮೇಷ್ಟ್ರು, ಹಾಳೆಯಿಂದ ಕಣ್ಣು ತೆಗೆಯದೆ.

"ಏನು ಬರೀಲಿ ಸರ್?"

"ಕೇಳಿದ್ದು ಪುರುಷ, ವಚನ ತಾನೇ? ಎರಡರಲ್ಲೂ ಉತ್ತಮ ಪುರುಷ, ದ್ವಿವಚನವೇ. ಬರಿ."

ಮಕ್ಕಳ ಅಂಕಕ್ಕೆ ಧಕ್ಕೆಯಿರಲಿಲ್ಲ. ಧಕ್ಕೆಯಾದದ್ದು ಮೇಷ್ಟ್ರಿಗೆ. ವಸಾವಃ ಎಂದರೆ 'ನಾವಿಬ್ಬರು ವಾಸಿಸುತ್ತೇವೆ'. ಅದು ವರದಿ. ವಿಸರ್ಗ ಬಿದ್ದುಹೋಗಿ ಲೋಟಿನ ವಸಾವ ಎಂದಾದರೆ 'ನಾವಿಬ್ಬರು ವಾಸಿಸೋಣ'. ಅದು ವರದಿಯಲ್ಲ.

ಗಂಟೆ ಬಾರಿಸಿದ ಕೂಡಲೇ ಮೇಷ್ಟ್ರು ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು.

"ಮೇಡಂ, ಕಚೇರಿಯಿಂದ ನನಗೊಂದು ಸೂಚನೆ ಬಂದಿದೆ."

ಹಾಳೆ ನೋಡಿದೆ. "ಕೈತಪ್ಪು. ಮುಂದಿನ ಸಲ ಕರಡು ನೋಡಿ."

"ಆಕೆಗೆ ಕೈತಪ್ಪಾ?" ಮೇಷ್ಟ್ರು ಕುರ್ಚಿಯ ಅಂಚಿಗೆ ಕೂತರು. "ಲಿಖಥಃ ನೋಡಿ, ವಿಸರ್ಗ ಇದೆ. ಅದು ಬಿದ್ದಿದ್ದರೆ ಲಿಖಥ ಆಗಿ ಬಹುವಚನ ಆಗ್ತಿತ್ತು, ಆಕೆ ಬೀಳಿಸಿಲ್ಲ. ಬೇಕಾದ ಕಡೆ ಮಾತ್ರ ಬೀಳಿಸಿದ್ದಾರೆ. ನನ್ನ ಪ್ರಶ್ನೆ ಬೇರೆ. ಲೋಟ್ ಲಕಾರಕ್ಕೆ ಅರ್ಥ ಹಲವು. ಆಜ್ಞೆ ಇರಬಹುದು, ಆಮಂತ್ರಣ ಇರಬಹುದು, ಪ್ರಾರ್ಥನೆ ಇರಬಹುದು. ಇದು ಯಾವುದು?"

"ಯಾವುದಾದರೇನು?"

"ಆಜ್ಞೆಯಾದರೆ ಪಾಲಿಸಬೇಕು. ಪ್ರಾರ್ಥನೆಯಾದರೆ ಯೋಚಿಸಬೇಕು. ಆಮಂತ್ರಣವಾದರೆ ಅಂಗಿ ಇಸ್ತ್ರಿ ಮಾಡಿಸಬೇಕು."

ಮೂರರಲ್ಲಿ ಇಸ್ತ್ರಿಯನ್ನು ನಾನು ಅನುಮೋದಿಸಿದೆ, ಅದರ ಅಗತ್ಯ ಬೇರೆ ಕಾರಣಕ್ಕೂ ಇತ್ತು.

ಮನೆಯಲ್ಲಿ ಅಕ್ಕನಿಗೆ ವಿಷಯ ಗೊತ್ತಾಯಿತು. ಇಸ್ತ್ರಿ ಪೆಟ್ಟಿಗೆ ಕೇಳಿದ ತಮ್ಮನನ್ನು ಅವಳು ಸುಮ್ಮನೆ ಬಿಡುವ ಪೈಕಿಯಲ್ಲ.

"ಎರಡು ಸೊನ್ನೆ ಬಿಟ್ಟುಹೋಗಿದ್ದಕ್ಕೆ ಮದುವೇನಾ? ಹಾಗಾದ್ರೆ ಮೂರನೇ ಸೊನ್ನೆ ನೀನೇ ಕಣೋ. ಹೋಗಿ ಬಾಯಿಬಿಟ್ಟು ಕೇಳು."

"ಕೇಳ್ತೀನಕ್ಕಾ. ಬರವಣಿಗೆಯಲ್ಲಿ ಬಂದದ್ದಕ್ಕೆ ಬರವಣಿಗೆಯಲ್ಲೇ ಉತ್ತರ ಕೊಡೋದು ಕ್ರಮ."

"ಬೇಗ ಕೊಡು. ನಾನು ಹೊರಡೋ ಹೊತ್ತಿಗೆ ಗೊತ್ತಾಗ್ಬೇಕು, ಈ ಮನೆ ಬೀಗದ ಕೈ ಯಾರಿಗೆ ಅಂತ. ನಿನ್ನ ಕೈಗೆ ಕೊಟ್ರೆ ಒಳಗಿಂದಲೇ ಬೀಗ ಹಾಕ್ಕೊಂಡು ಕೂತ್ಕೋತೀಯ."

ಮೇಷ್ಟ್ರು ಮುಂದಿನ ಅಭ್ಯಾಸದ ಹಾಳೆ ಬರೆದರು. ಅದು ಅವರ ಜೀವಮಾನದ ಅತಿ ಧೈರ್ಯದ ಕೆಲಸ, ಮತ್ತು ಅದರಲ್ಲಿಯೂ ಅವರು ವರ್ತಮಾನಕಾಲ ಬಿಟ್ಟು ಕದಲಲಿಲ್ಲ. 'ಕೆಳಗಿನ ಲಟ್ ಲಕಾರದ ರೂಪಗಳ ಪುರುಷ ಮತ್ತು ವಚನ ಬರೆಯಿರಿ: ಪೃಚ್ಛಾಮಿ, ಇಚ್ಛಸಿ, ವಸಾವಃ.' ಕೇಳುತ್ತೇನೆ. ಬಯಸುತ್ತೀಯೆ. ನಾವಿಬ್ಬರು ವಾಸಿಸುತ್ತೇವೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಾಳೆಯನ್ನು ಬೀರುವಿನ ಮೇಲಿಟ್ಟು, "ಮೇಡಂ ಅವರು ನಿಧಾನವಾಗಿ ಓದಿದ್ರೆ ಸಂತೋಷ" ಎಂದು ಬೀರುವಿಗೆ ಹೇಳಿ, ತರಗತಿಗೆ ಓಡಿದರು.

ಹೆಚ್ಚು ಹೊತ್ತಾಗಿರಲಿಲ್ಲ. ಟೈಪಿಸ್ಟ್ ಹಾಳೆ ಬೀಸುತ್ತ ನನ್ನ ಕೋಣೆಗೆ ನುಗ್ಗಿದಳು. ಮುಖ ಕೆಂಡ.

"ಮೇಡಂ! ಮತ್ತೆ ಏಕವಚನ!"

"ಎಲ್ಲಿ?"

"ಇಲ್ಲಿ ನೋಡಿ. ಇಚ್ಛಸಿ. ಮಧ್ಯಮ ಪುರುಷ ಏಕವಚನ. ಮೊದ್ಲು ಒಂದು ವಾರ ಕಾಯಿಸಿ, ಈಗ ನೀನು ಬಯಸ್ತೀಯಾ ಅಂತ ಕೇಳೋದಾ? ಮದುವೆ ಕೇಳೋವಾಗಲಾದ್ರೂ ಮರ್ಯಾದೆ ಬೇಡ್ವಾ?"

ನನಗೆ ಒಂದು ಮಾತು ಮಾತ್ರ ಕೇಳಿಸಿತು. "ಒಂದು ವಾರ ಅಂದರೆ?"

"ಅವರೇ ಕೇಳಿದ್ದಲ್ವಾ ಮೇಡಂ ಮೊದ್ಲು! ಕಿರುಪರೀಕ್ಷೆ ಹಾಳೇಲಿ. ನಾಲ್ಕು ಪದ ಲಟ್ಟಿನಲ್ಲಿ ಬರ್ದು ಕೊನೇದು ಮಾತ್ರ ಲೋಟಿನಲ್ಲಿ ಬರೆದಿದ್ರು, ವಸಾವ ಅಂತ. ಲಟ್ ಬಿಟ್ಟು ಆಚೆ ಹೋಗದ ಮನುಷ್ಯ ಲೋಟಿಗೆ ಹೋದ ಅಂದ್ರೆ ಬೇಕಂತಲೇ ತಾನೆ? ನಾನು ಇದ್ದ ಹಾಗೇ ಟೈಪ್ ಮಾಡಿದೆ. ಏನೂ ಗೊತ್ತಿಲ್ಲದವಳ ಹಾಗೆ ಕಾದೆ."

ಆಗ ನೆನಪಾಯಿತು, ಆ ವಾರ ಟೈಪಿಸ್ಟ್ ಬೀರುವಿಗೆ ಸ್ವಲ್ಪ ಮೆಲ್ಲಗೆ ಮಾತಾಡುತ್ತಿದ್ದಳು. ಮೇಷ್ಟ್ರನ್ನು ಕರೆಸಿದೆ. ಕಿರುಪರೀಕ್ಷೆಯ ಮೂಲ ಹಾಳೆಯನ್ನೂ ತರಿಸಿದೆ. ಮೇಷ್ಟ್ರು ಬಂದು ಬಾಗಿಲಲ್ಲೇ ನಿಂತರು, ಒಳಗೆ ಬಂದರೆ ವಚನ ಬದಲಾದೀತೋ ಎನ್ನುವ ಹಾಗೆ.

"ಮೇಷ್ಟ್ರೇ, ಇದರಲ್ಲಿ ನೀವು ಬರೆದದ್ದು ವಸಾವ ಎಂದೋ, ವಸಾವಃ ಎಂದೋ?"

"ವಸಾವಃ. ವಿಸರ್ಗ ಇಟ್ಟಿದ್ದೀನಿ ಮೇಡಂ. ಲಟ್ಟಿಗೆ ವಿಸರ್ಗ ಇಡದೆ ಇದ್ದರೆ ನನಗೆ ಊಟ ಸೇರುತ್ತಾ?"

"ಎಲ್ಲಿ ಇಟ್ಟಿದ್ದಾರೆ!" ಎಂದು ಟೈಪಿಸ್ಟ್ ಹಾಳೆಯ ಮೇಲೆ ಬೆರಳಿಟ್ಟಳು. "ಇಲ್ಲಿರೋದು ಗುಂಡುಸೂಜಿ ತೂತು. ಹಾಳೆ ತುದೀಲಿ ಬರೀತಾರೆ, ಅಲ್ಲೇ ಸೂಜಿ ಚುಚ್ತಾರೆ. ಒಂದು ಒಳಗೆ ಹೋಗಿದ್ದು, ಒಂದು ಹೊರಗೆ ಬಂದಿದ್ದು."

ನಾನು ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಸೂಜಿಯ ತೂತುಗಳು ಅಂಚಿನಲ್ಲಿದ್ದವು, ಅವುಗಳಲ್ಲಿ ಬೆಳಕು ಹಾಯುತ್ತಿತ್ತು. ಅವುಗಳ ಪಕ್ಕದಲ್ಲೇ, ಒಂದರ ಕೆಳಗೊಂದು, ಇನ್ನೆರಡು ಸಣ್ಣ ಸೊನ್ನೆಗಳು. ಬೆಳಕು ಹಾಯಲಿಲ್ಲ.

"ಇದು ತೂತಲ್ಲ. ಮಸಿ" ಎಂದೆ.

ಇಬ್ಬರೂ ಕತ್ತು ಚಾಚಿ ನೋಡಿದರು. ಟೈಪಿಸ್ಟ್ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ಮತ್ತೊಮ್ಮೆ ನೋಡಿದಳು. ಮೇಷ್ಟ್ರು ಮಾತ್ರ ಕನ್ನಡಕದ ಸಂಗತಿ ಎತ್ತಲಿಲ್ಲ. ಆ ಮನುಷ್ಯನಲ್ಲಿ ಬುದ್ಧಿ ಇದೆ ಎಂದು ನನಗೆ ಮೊದಲು ಅನ್ನಿಸಿದ್ದು ಆಗಲೇ.

"ಹಾಗಾದ್ರೆ ಅವರು ಕೇಳ್ಲಿಲ್ವಾ?" ಎಂದಳು ಟೈಪಿಸ್ಟ್, ನನ್ನ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ನೋಡುತ್ತ. ಬೀರು ಇಲ್ಲದ ಕೋಣೆಯಲ್ಲಿ ಅದೇ ಗತಿ.

"ಹಾಗಾದ್ರೆ ಅವರೂ ಕೇಳ್ಲಿಲ್ವಾ?" ಎಂದರು ಮೇಷ್ಟ್ರು ಅದೇ ಪೇಪರ್‌ವೇಟಿಗೆ.

"ಯಾರೂ ಯಾರನ್ನೂ ಏನೂ ಕೇಳಿಲ್ಲ" ಎಂದೆ. "ಒಂದು ವಿಸರ್ಗ ತಪ್ಪಿದೆ, ಅಷ್ಟೇ. ಇಬ್ಬರೂ ಹೋಗಿ ಕೆಲಸ ನೋಡಿ."

ಇಬ್ಬರೂ ಹೋಗಲಿಲ್ಲ. ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು. ಅಂಗಿಯ ಕಾಲರು ಇಸ್ತ್ರಿಯ ಗತ್ತಿನಲ್ಲಿ ನಿಂತಿತ್ತು.

"ಮೇಡಂ, ಮೊದಲನೇ ಹಾಳೆ ತಪ್ಪಿರಬಹುದು. ಎರಡನೇ ಹಾಳೆ ತಪ್ಪಲ್ಲ. ಅದನ್ನ ನಾನು ಬೇಕಂತಲೇ ಬರೆದದ್ದು."

ಟೈಪಿಸ್ಟ್ ಪೇಪರ್‌ವೇಟಿನಿಂದ ಕಣ್ಣು ತೆಗೆದು, ತಿಂಗಳುಗಳ ನಂತರ, ನೇರ ಅವರನ್ನೇ ನೋಡಿದಳು. "ಅದು ಏಕವಚನ."

"ತಿದ್ದುತ್ತೀನಿ. ಇಚ್ಛಥ. ಮಧ್ಯಮ ಪುರುಷ, ಬಹುವಚನ."

"ನೀವೆಲ್ಲರೂ ಬಯಸ್ತೀರಾ ಅಂತಾನಾ? ನಾನೇನು ಸಂತೆನಾ? ಇನ್ನೂ ಯಾರ್‍ಯಾರನ್ನ ಕರ್ಕೊಂಡು ಬರ್ಬೇಕು ನಾನು?"

"ಹಾಗಾದರೆ ಭವತೀ ಇಚ್ಛತಿ. ಪ್ರಥಮ ಪುರುಷ, ಏಕವಚನ. ಇದು ಶುದ್ಧ ಮರ್ಯಾದೆ."

"ಎದುರಿಗೆ ನಿಂತವಳನ್ನ ಮತ್ತೆ ಇಲ್ಲದವಳು ಮಾಡ್ತೀರಾ? ಸಾಕಾಯ್ತು ಮೇಷ್ಟ್ರೇ ಆ ಬೀರು ಸಹವಾಸ."

ಮೇಷ್ಟ್ರಿಗೆ ಮೂರು ಮನೆ ಮುಚ್ಚಿದ್ದವು. ಅವರ ಬೆರಳು ಗಾಳಿಯಲ್ಲಿಯೇ ಅಡ್ಡ ಮೂರು, ಉದ್ದ ಮೂರು ಗೀರುತ್ತಿತ್ತು. ಇಚ್ಛಾಮಿ ಎನ್ನಲು ಬಾಯಿ ತೆರೆದು, ಅದು ತನ್ನೊಬ್ಬನ ಮಾತಾಗುತ್ತದೆಂದು ಮುಚ್ಚಿದರು. ಇಷ್ಟು ವರ್ಷ ಸಾವಿರ ಹುಡುಗಿಯರನ್ನು ಎಬ್ಬಿಸಿ ನಿಲ್ಲಿಸಿದವರು ಈಗ ತಾವೇ ಎದ್ದು ನಿಂತ ಹುಡುಗನಂತೆ ಬೆಪ್ಪಾಗಿದ್ದರು. ನಾನು ಗಡಿಯಾರ ನೋಡಿದೆ. ನನಗೆ ಹನ್ನೊಂದಕ್ಕೆ ಪೋಷಕರ ಸಭೆಯಿತ್ತು.

ಟೈಪಿಸ್ಟ್ ನನ್ನ ಪೆನ್ನನ್ನು ಕೇಳದೆಯೇ ಎತ್ತಿಕೊಂಡಳು. ಎರಡನೆಯ ಹಾಳೆಯಲ್ಲಿ ಇಚ್ಛಸಿ ಎನ್ನುವುದನ್ನು ಹೊಡೆದುಹಾಕಿ, ಮೇಲೆ ಬೇರೊಂದು ಪದ ಬರೆದು, ಹಾಳೆಯನ್ನು ಅವರ ಕಡೆ ತಿರುಗಿಸಿದಳು.

"ಓದಿ. ವಿಸರ್ಗ ಸೇರಿಸಿ ಓದಿ."

"ಇಚ್ಛಾವಃ" ಎಂದು ಮೇಷ್ಟ್ರು ಓದಿದರು. ವಿಸರ್ಗ ಎಷ್ಟು ಸ್ಪಷ್ಟವಾಗಿ ಬಂತೆಂದರೆ ಮೇಜಿನ ಮೇಲಿನ ಕಾಗದಗಳು ಅಲ್ಲಾಡಿದವು.

"ಪುರುಷ, ವಚನ?"

"ಉತ್ತಮ ಪುರುಷ. ದ್ವಿವಚನ. ನಾವಿಬ್ಬರು ಬಯಸುತ್ತೇವೆ." ತಡೆದು, "ಲಟ್" ಎಂದು ಸೇರಿಸಿದರು. "ಲೋಟ್ ಅಲ್ಲ."

"ಅಲ್ಲ. ಪ್ರಾರ್ಥನೆಯೂ ಇಲ್ಲ, ಆಜ್ಞೆಯೂ ಇಲ್ಲ. ಇದ್ದದ್ದನ್ನ ಇದ್ದ ಹಾಗೆ ಹೇಳಿದ್ದು. ಈಗ ಬನ್ನಿ, ಮೇಡಂಗೆ ಸಭೆ ಇದೆ."

ಅಕ್ಕ ಟೈಪಿಸ್ಟಳನ್ನು ನೋಡಲು ಶಾಲೆಗೇ ಬಂದಳು. ಮೇಲಿಂದ ಕೆಳಗೆ ಒಮ್ಮೆ ನೋಡಿ, "ಸ್ಟವ್ ಹಚ್ಚೋಕೆ ಬರುತ್ತಾ?" ಎಂದು ಕೇಳಿದಳು.

"ಬರುತ್ತೆ. ಆದ್ರೆ ಅವರೇ ಹಚ್ತಾರೆ" ಎಂದಳು ಟೈಪಿಸ್ಟ್.

ಅಕ್ಕ ಬೀಗದ ಕೈ ಅಲ್ಲೇ ಬಿಚ್ಚಿ ಕೊಟ್ಟಳು. ಪರೀಕ್ಷೆ ಮುಗಿದ ವಾರ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ಆಯಿತು. ಮಾರನೆಯ ದಿನ ಅಕ್ಕ ಮಗಳ ಮನೆಗೆ ಹೊರಟಳು. ಮೇಷ್ಟ್ರು ನೀರು ಕಾಯಿಸುವುದನ್ನು ಕಲಿತರು. ಮನೆಯಲ್ಲಿ ಅವರಿಬ್ಬರು ಪರಸ್ಪರ ಯಾವ ವಚನದಲ್ಲಿ ಮಾತಾಡುತ್ತಾರೆಂದು ಕೇಳುವುದು ನನ್ನ ಕೆಲಸವಲ್ಲ. ಕಚೇರಿಯ ಬೀರು ಮಾತ್ರ ಬಹಳ ನಿಶ್ಶಬ್ದವಾಯಿತು.

ಆ ಎರಡನೆಯ ಹಾಳೆ ಅದಕ್ಕೂ ಮೊದಲೇ, ತಿದ್ದುಪಡಿಯ ಸಮೇತ ಅಚ್ಚಾಗಿ, ಹತ್ತನೆಯ ತರಗತಿಗೆ ಹೋಗಿತ್ತು: ಪೃಚ್ಛಾಮಿ, ಇಚ್ಛಾವಃ, ವಸಾವಃ. ಹಿಂದಿನ ಬೆಂಚಿನ ಹುಡುಗಿ ಇಚ್ಛಾವಃ ಎಂಬುದರ ಮುಂದೆ 'ಉತ್ತಮ ಪುರುಷ, ದ್ವಿವಚನ, ಶುಭಾಶಯಗಳು ಸರ್' ಎಂದು ಬರೆದಿದ್ದಳು. ಮೇಷ್ಟ್ರು ಅರ್ಧ ಅಂಕ ಕಳೆದರು. ಅವಳು ದೂರು ತೆಗೆದುಕೊಂಡು ನನ್ನ ಬಳಿಗೆ ಬಂದಳು. ಕೇಳಿದ್ದು ಪುರುಷ ಮತ್ತು ವಚನ ಮಾತ್ರ ಎಂದು ಹೇಳಿ, ನಾನು ಅವಳನ್ನು ವಾಪಸ್ಸು ಕಳಿಸಿದೆ.